ಪದಚರ್ಚೆ: ಲಿಂಕಿನ ಬಾಲಕ್ಕೆ ‘ಗೆ’ ಹಚ್ಚಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ವೆಬಿನಾರ್‌ನ ಆಹ್ವಾನಪತ್ರವನ್ನೂ ಹೆಸರು ನೋಂದಣಿಯ ಕ್ರಮವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸ ಕೊಟ್ಟವರದು ಒಂದೇ ಷರತ್ತು. ಲಿಂಕು, ಸಮಯ, Zoom ಎಂಬ ಹೆಸರು ಇವು ಮೂಲದಲ್ಲಿ ಹೇಗಿವೆಯೋ ಹಾಗೇ ಇರಬೇಕು. ಹಾಗೇ ಇಟ್ಟಿದ್ದೇನೆ, ಆದರೆ ವಿಭಕ್ತಿ ಪ್ರತ್ಯಯಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನನ್ನ ಕರಡು ಹೀಗಿದೆ:

```
ಭಾಗವಹಿಸಲು https://example.org/register/waterಗೆ ಹೋಗಿ ನೋಂದಾಯಿಸಿ.
ಕಾರ್ಯಕ್ರಮ Zoomನಲ್ಲಿ 7:30 PMಗೆ ಶುರುವಾಗುತ್ತದೆ.
ಇಮೇಲ್‌ನಲ್ಲಿ ಬರುವ ಲಿಂಕ್ ಮೂಲಕ ಸೇರಿ.
```

‘ಗೆ’ಯನ್ನು ಅಂಟಿಸಿ ಬರೆಯುವುದು ಸರಿಯೋ, ಬಿಡಿಸಿ ಬರೆಯುವುದು ಸರಿಯೋ? ‘7:30 PMಗೆ’ ಅನ್ನಬೇಕೋ ‘PMಕ್ಕೆ’ ಅನ್ನಬೇಕೋ? ಎರಡೂ ಕಿವಿಗೆ ಒಗ್ಗುತ್ತಿಲ್ಲ.

ಮೊದಲ ಉತ್ತರ

ವೆಬಿನಾರ್ ಎಂಬ ಪದವೇ ಬೇಡ ತಾಯಿ. ‘ಜಾಲಗೋಷ್ಠಿ’ ಎಂಬ ಚೆಂದದ ಪದ ಇದೆ. ಅಂಕಿಗಳನ್ನೂ ಕನ್ನಡದಲ್ಲೇ ೭:೩೦ ಎಂದು ಬರೆಯಿರಿ, ಆಮೇಲೆ ‘ಸಂಜೆ ಏಳೂವರೆಗೆ’ ಎಂದು ಸಲೀಸಾಗಿ ಓದಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಸರ್, ಜಾಲಗೋಷ್ಠಿ ನನಗೂ ಇಷ್ಟ, ಶೀರ್ಷಿಕೆಯಲ್ಲಿ ಬಳಸಬಹುದು. ಆದರೆ ಸಮಯವನ್ನು ನಾನು ಮುಟ್ಟುವ ಹಾಗಿಲ್ಲ. ನನ್ನ ಪ್ರಶ್ನೆ ಅದರ ಪಕ್ಕದಲ್ಲಿ ಬರುವ ಪ್ರತ್ಯಯದ್ದು.

ಎರಡನೇ ಉತ್ತರ

ಲಿಂಕಿಗೆ ‘ಗೆ’ ಅಂಟಿಸಬೇಡಿ, ಒತ್ತಿದರೆ ಪುಟ ತೆರೆಯುವುದಿಲ್ಲ. ಜಾಗ ಬಿಟ್ಟರೆ ‘ಗೆ’ ಒಂಟಿಯಾಗಿ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ, ಅದೂ ಅಸಹ್ಯ. ‘ಇಮೇಲ್‌ನಲ್ಲಿ’ ಎಂದು ಬರೆಯುವಾಗ ಲ್ ಮತ್ತು ನ ಒತ್ತಾಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದನ್ನೇ ಲಿಂಕಿಗೂ ‘ಗೆ’ಗೂ ನಡುವೆ ಹಾಕಿ. ಎರಡೂ ಬೇರೆಯಾಗುತ್ತವೆ, ನೋಡಲು ಕೂಡಿಯೇ ಇರುತ್ತವೆ.

ಮೂರನೇ ಉತ್ತರ

ಮೇಲಿನವರ ಮೊದಲ ಮಾತು ಸರಿ, ಮದ್ದು ಮಾತ್ರ ಸರಿಯಿಲ್ಲ. ಇಮೇಲ್ ಮತ್ತು ಚಾಟ್ ಆ್ಯಪ್‌ಗಳು ಲಿಂಕ್ ಎಲ್ಲಿ ಮುಗಿಯಿತು ಎಂದು ತಾವೇ ಊಹಿಸುತ್ತವೆ. ಕೊನೆಯಲ್ಲಿ ಪೂರ್ಣವಿರಾಮ ಬಂದರೆ ಬಹುತೇಕ ಆ್ಯಪ್‌ಗಳು ಬಿಟ್ಟುಬಿಡುತ್ತವೆ. ಆದರೆ ಕನ್ನಡ ಅಕ್ಷರವನ್ನು ಎಷ್ಟೋ ಆ್ಯಪ್‌ಗಳು ವಿಳಾಸದ ಭಾಗವೆಂದೇ ಎಣಿಸುತ್ತವೆ. ಆಗ ಓದುಗರು ಒತ್ತಿದಾಗ ಬ್ರೌಸರ್ ಹುಡುಕುವುದು ಇದನ್ನು:

```
https://example.org/register/water%E0%B2%97%E0%B3%86
```

ಆ ಬಾಲವೇ ನಿಮ್ಮ ‘ಗೆ’. ಮೊದಲ ಮೂರು ಜೋಡಿ ‘ಗ’ಕ್ಕೆ, ಉಳಿದ ಮೂರು ಎತ್ವಕ್ಕೆ. ಅಂಥ ಪುಟ ಇಲ್ಲವೇ ಇಲ್ಲ, ಹಾಗಾಗಿ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಕಾಣದ ಅಕ್ಷರ ಹಾಕಿದರೆ ಕೆಲವು ಕಡೆ ಅದೂ `%E2%80%8C` ಆಗಿ ಇದೇ ಬಾಲದೊಳಗೆ ಸೇರಿಕೊಳ್ಳುತ್ತದೆ. ‘ಗೆ’ಯನ್ನಾದರೂ ಕಣ್ಣಿನಿಂದ ಹಿಡಿಯಬಹುದು. ಕಾಣದ್ದನ್ನು ಯಾರು ಹಿಡಿಯುತ್ತಾರೆ? ಲಿಂಕನ್ನು ನಕಲು ಮಾಡಿ ಬೇರೆಯವರಿಗೆ ಕಳಿಸಿದರೂ ಅದು ಜೊತೆಗೇ ಹೋಗುತ್ತದೆ.

ಹಾಗಾಗಿ ವಿಭಕ್ತಿಯನ್ನು ಹೊರಲು ಒಂದು ಕನ್ನಡ ನಾಮಪದವನ್ನು ಮುಂದೆ ತನ್ನಿ, ಮುಟ್ಟಬಾರದ್ದನ್ನು ಅದರಾಚೆ ಒಂಟಿಯಾಗಿ ಬಿಡಿ. ‘ಕೆಳಗಿನ ಲಿಂಕನ್ನು ಒತ್ತಿ’ ಎಂದು ವಾಕ್ಯ ಮುಗಿಸಿ, ಲಿಂಕನ್ನು ಮರುಸಾಲಿನಲ್ಲಿ ಇಟ್ಟರಾಯಿತು. ಕ್ರಿಯಾಪದ ಕೊನೆಯಲ್ಲಿ ಬರುವ ನಮ್ಮ ಭಾಷೆಯಲ್ಲಿ ಉದ್ದದ ಲಿಂಕು ಕರ್ಮಸ್ಥಾನದಲ್ಲಿ ಕೂತರೆ, ಓದುಗ ಅದನ್ನು ದಾಟುವಷ್ಟರಲ್ಲಿ ಏನು ಮಾಡಬೇಕಿತ್ತು ಎಂಬುದೇ ಮರೆತಿರುತ್ತದೆ. ಸಮಯಕ್ಕೂ ಇದೇ ಉಪಾಯ. 7:30 ಎಂಬುದನ್ನು ಒಬ್ಬರು ‘ಏಳೂವರೆ’ ಎಂದು ಓದಿ ‘ಗೆ’ ನಿರೀಕ್ಷಿಸುತ್ತಾರೆ, ಇನ್ನೊಬ್ಬರು ‘ಏಳು ಮೂವತ್ತು’ ಎಂದು ಓದಿ ‘ಕ್ಕೆ’ ನಿರೀಕ್ಷಿಸುತ್ತಾರೆ. ಅದರ ಮೇಲೆ PM ಬೇರೆ. ನೀವು ಯಾವುದನ್ನು ಬರೆದರೂ ಅರ್ಧ ಜನರಿಗೆ ಎಡವಟ್ಟು. ‘ಸಮಯ: 7:30 PM’ ಎಂದರೆ ಯಾರ ನಾಲಿಗೆಯೂ ತೊಡರುವುದಿಲ್ಲ. Zoomಗೆ ಮಾತ್ರ ನಾನು ಇಷ್ಟು ಕಟ್ಟುನಿಟ್ಟು ಮಾಡುವುದಿಲ್ಲ. ಅದು ಒತ್ತುವ ವಸ್ತುವಲ್ಲ, ‘Zoom ಮೂಲಕ’ ಎಂದರೆ ಸಾಕು.

ನೀವು ಕೇಳದ ಇನ್ನೆರಡು ಮಾತು. ‘ನೋಂದಾಯಿಸಿ’ ಅಂದರೆ ಏನನ್ನು, ಯಾರನ್ನು ಎಂಬ ಪ್ರಶ್ನೆ ಏಳುತ್ತದೆ. ತಮ್ಮ ಹೆಸರನ್ನು ತಾವೇ ಕೊಡುವುದಾದ್ದರಿಂದ ‘ನೋಂದಾಯಿಸಿಕೊಳ್ಳಿ’ ಬೇಕು. (ನೀವು ‘ನೋ’ ದೀರ್ಘ ಇಟ್ಟಿದ್ದೀರಿ, ಸಂತೋಷ. ‘ನೊಂದಣಿ’ ಎಂಬ ಬರಹ ಕಂಡಾಗೆಲ್ಲ ಯಾರು ನೊಂದರು ಎಂದು ಕೇಳಬೇಕೆನಿಸುತ್ತದೆ.)

ಎರಡನೆಯದು ಹೆಚ್ಚು ಮುಖ್ಯ. ನಿಮ್ಮ ಕರಡಿನಲ್ಲಿ ಎರಡು ಲಿಂಕುಗಳಿವೆ. ಆಹ್ವಾನದಲ್ಲಿರುವುದು ಹೆಸರು ಕೊಡುವ ಲಿಂಕು, ಎಲ್ಲರಿಗೂ ಒಂದೇ, ಯಾರಿಗೆ ಬೇಕಾದರೂ ಕಳಿಸಬಹುದು. ಹೆಸರು ಕೊಟ್ಟ ಮೇಲೆ Zoom ಇಮೇಲ್‌ನಲ್ಲಿ ಕಳಿಸುವುದು ಒಳಗೆ ಹೋಗುವ ಲಿಂಕು. ಅದು ಆಯಾ ವ್ಯಕ್ತಿಗೆಂದೇ ಆದದ್ದು, ಸಾಮಾನ್ಯವಾಗಿ ಅದರಲ್ಲಿ `tk=` ಎಂಬ ತುಣುಕು ಇರುತ್ತದೆ, ಹಂಚಿಕೊಳ್ಳಬಾರದು. ಕನ್ನಡದಲ್ಲಿ ಎರಡಕ್ಕೂ ಬರೀ ‘ಲಿಂಕ್’ ಎಂದರೆ, ಕಾರ್ಯಕ್ರಮದ ಹೊತ್ತಿಗೆ ಜನ ಮತ್ತೆ ಮೊದಲನೆಯದನ್ನೇ ಒತ್ತಿ, ಹೆಸರು ಕೇಳುವ ಪುಟ ನೋಡಿ ಕಂಗಾಲಾಗುತ್ತಾರೆ. ‘ನೋಂದಣಿ ಲಿಂಕ್’, ‘ಪ್ರವೇಶದ ಲಿಂಕ್’ ಎಂದು ಎರಡು ಹೆಸರಿಟ್ಟು, ಕೊನೆಯವರೆಗೂ ಬದಲಿಸಬೇಡಿ. ‘ಸೇರಿ’ ಎಂಬ ಒಂಟಿ ಪದವೂ ಸಾಲದು. ಸಂಘಕ್ಕೆ ಸದಸ್ಯರಾಗುವುದಕ್ಕೂ ನಾವು ಸೇರಿ ಎನ್ನುತ್ತೇವೆ.

ನಾಲ್ಕನೇ ಉತ್ತರ

ನಾನು ಅನುವಾದಕನಲ್ಲ, ಇಂಥ ಆಹ್ವಾನಗಳನ್ನು ಓದಿ ಹೋಗುವವನು. ಸಮಯ ಮುಟ್ಟಬಾರದು ಎನ್ನುವುದನ್ನು ಒಪ್ಪುತ್ತೇನೆ, ಆದರೆ ಮುಟ್ಟದಿದ್ದರೆ ಸಾಕೇ? ಒಮ್ಮೆ ನನಗೆ ಬಂದ ಆಹ್ವಾನದಲ್ಲಿ ‘ಭಾನುವಾರ, ರಾತ್ರಿ 12:30’ ಎಂದಿತ್ತು. ಭಾನುವಾರ ಊಟ ಮುಗಿಸಿ ಕಾದು ಕೂತೆ. ಏನೂ ಇಲ್ಲ. ವಿಚಾರಿಸಿದರೆ ಮೂಲದಲ್ಲಿ ಭಾನುವಾರ 12:30 AM ಇತ್ತಂತೆ, ಅಂದರೆ ಶನಿವಾರ ಮಲಗುವ ಹೊತ್ತಿನಲ್ಲೇ ಎಲ್ಲ ಮುಗಿದಿತ್ತು. ನಮ್ಮ ಮಾತಿನಲ್ಲಿ ರಾತ್ರಿ ಎನ್ನುವುದು ಕಳೆದ ಹಗಲಿಗೆ ಸೇರಿದ್ದು, ಬೆಳಗಾಗುವವರೆಗೂ ಶನಿವಾರದ ರಾತ್ರಿಯೇ. ಗಡಿಯಾರಕ್ಕೆ ಹಾಗಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ತಿದ್ದಿದ ರೂಪ:

```
Zoom ಮೂಲಕ ನಡೆಯುವ ಜಾಲಗೋಷ್ಠಿಗೆ ಬನ್ನಿ.
ಸಮಯ: 7:30 PM
ನೋಂದಣಿ ಲಿಂಕನ್ನು ಒತ್ತಿ, ಹೆಸರು ನೋಂದಾಯಿಸಿಕೊಳ್ಳಿ:
https://example.org/register/water
ನಿಮಗೊಬ್ಬರಿಗೇ ಸೇರಿದ ಪ್ರವೇಶದ ಲಿಂಕ್ ಇಮೇಲ್‌ನಲ್ಲಿ ಬರುತ್ತದೆ.
ಜಾಲಗೋಷ್ಠಿಯ ಹೊತ್ತಿಗೆ ಅದನ್ನು ಒತ್ತಿ ಒಳಗೆ ಬನ್ನಿ.
```

ಪುಟದಲ್ಲಿರುವ Register ಗುಂಡಿಯ ಹೆಸರನ್ನು ತೆರೆಯ ಮೇಲಿರುವಂತೆಯೇ ಬಿಡುತ್ತೇನೆ. ‘ನೋಂದಾಯಿಸು ಗುಂಡಿ’ ಎಂದರೆ ಅಲ್ಲಿಲ್ಲದ ಗುಂಡಿಯನ್ನು ಹುಡುಕುತ್ತಾರೆ. ನಡುರಾತ್ರಿಯ ಸಂಗತಿ ನನಗೂ ಬರಲಿದೆ, ಇದೇ ಸರಣಿಯ ಇನ್ನೊಂದು ಕಾರ್ಯಕ್ರಮ 12:15 AM ಇದೆ. ‘ಶನಿವಾರ ರಾತ್ರಿ ಕಳೆದು, ಭಾನುವಾರ 12:15 AM’ ಎಂದು ಬರೆಯಲೇ?

ಮೂರನೇ ಉತ್ತರದವರು

ಅಂಕಿಯನ್ನಂತೂ ನೀವು ಮುಟ್ಟಿಲ್ಲ, ಹಾಗಾಗಿ ನನ್ನ ತಕರಾರಿಲ್ಲ. ಆದರೆ ಮೂಲದಲ್ಲಿಲ್ಲದ ಶನಿವಾರ ಸೇರಿದೆ, ಕೆಲಸ ಕೊಟ್ಟವರನ್ನು ಕೇಳಿಯೇ ಹಾಕಿ.

ನಾಲ್ಕನೇ ಉತ್ತರದವರು

‘ರಾತ್ರಿ ಕಳೆದು’ ಅಂದರೆ ನನಗೆ ಬೆಳಗಾಯಿತು ಎಂದೇ ಅರ್ಥ ಮೇಡಂ. ಬೇರೆ ಮಾತು ಹುಡುಕಿ.