ವಿಲ್‌ನ ಒಂದು ಸಾಲು ತಿದ್ದಿಬಿಟ್ಟೆ, ತಪ್ಪಾಯ್ತಾ?

ಪ್ರಶ್ನೆ (ಡಿಟಿಪಿ ಅಂಗಡಿ ನಡೆಸುವವರು)

ತಾಲ್ಲೂಕು ಕಚೇರಿ ಎದುರು ನನ್ನದೊಂದು ಡಿಟಿಪಿ ಅಂಗಡಿ ಇದೆ. ನಿನ್ನೆ ಒಬ್ಬ ಹಿರಿಯರು ಕೈಬರಹದ ವಿಲ್ ಕೊಟ್ಟು, "ಟೈಪ್ ಮಾಡಿ, ಭಾಷೆ ತಪ್ಪಿದ್ರೆ ಸರಿ ಮಾಡಮ್ಮ" ಅಂದರು. ಅದರಲ್ಲಿ ಒಂದು ಸಾಲು ಹೀಗಿತ್ತು: "ನನ್ನ ಕಾಲಾನಂತರ ಸದರಿ ಮನೆಯು ನನ್ನ ಮಗ ಮತ್ತು ಮಗಳ ಮಕ್ಕಳಿಗೆ ಸಮಭಾಗವಾಗಿ ಸೇರತಕ್ಕದು." ನಾನು ಅದನ್ನು "ಮಗನ ಮತ್ತು ಮಗಳ ಮಕ್ಕಳಿಗೆ" ಅಂತ ಮಾಡಿ, "ಸೇರತಕ್ಕದ್ದು" ಅಂತಲೂ ತಿದ್ದಿದೆ. ರಾತ್ರಿ ಯಾಕೋ ಅನುಮಾನ ಬಂತು. ಇನ್ನೂ ಸಹಿ ಆಗಿಲ್ಲ. ಸಂಜೆ ಅವರ ಮಗ ಬಂದು ಪ್ರಿಂಟ್ ತಗೊಂಡು ಹೋಗುತ್ತಾರೆ. ಎಲ್ಲಿವರೆಗೆ ತಿದ್ದಬಹುದು, ಎಲ್ಲಿ ನಿಲ್ಲಬೇಕು? ವಕೀಲರು ಯಾರಾದರೂ ಹೇಳಿ.

ಉತ್ತರ (ಸಿವಿಲ್ ವಕೀಲರು)

ಸಹಿ ಆಗಿಲ್ಲ ಅಂದಿರಲ್ಲ, ಒಳ್ಳೆಯದಾಯಿತು ಮೇಡಂ. ಮೊದಲು ಆ ಸಾಲನ್ನು ಅವರು ಬರೆದ ಹಾಗೇ ವಾಪಸ್ ಹಾಕಿ. "ತಕ್ಕದು" ಹೋಗಿ "ತಕ್ಕದ್ದು" ಆಗಿರುವುದು ಇರಲಿ, ಅದು ಬರೀ ಕಾಗುಣಿತ. "ಮಗ"ವನ್ನು "ಮಗನ" ಮಾಡಿದ್ದು ಮಾತ್ರ ಕಾಗುಣಿತ ಅಲ್ಲ. ಅಲ್ಲಿ ನೀವು ಆಸ್ತಿ ಹಂಚಿದ್ದೀರಿ.

ಆ ಹಿರಿಯರ ಮಗನಿಗೆ ಇಬ್ಬರು ಮಕ್ಕಳು, ಮಗಳಿಗೆ ಮೂವರು ಅಂತ ಇಟ್ಟುಕೊಳ್ಳಿ. ನೀವು ತಿದ್ದಿದ ಸಾಲಿನ ಪ್ರಕಾರ ಮನೆ ಐದು ಮೊಮ್ಮಕ್ಕಳಿಗೆ ಹೋಗುತ್ತದೆ, ಮಗನಿಗೆ ಏನೂ ಸಿಗುವುದಿಲ್ಲ. ಅವರು ಬರೆದ ಸಾಲನ್ನು ಇನ್ನೊಂದು ರೀತಿ ಓದಿ: ಮಗ ಒಬ್ಬ, ಜೊತೆಗೆ ಮಗಳ ಮೂವರು ಮಕ್ಕಳು. ಆಗ ಮಗ ಸ್ವತಃ ಪಾಲುದಾರ. ಇಷ್ಟಕ್ಕೇ ಮುಗಿಯಲಿಲ್ಲ. "ಸಮಭಾಗ" ಅಂದರೆ ತಲೆಗೊಂದು ಪಾಲೋ, ಕವಲಿಗೊಂದು ಪಾಲೋ? ತಲೆಗೊಂದಾದರೆ ನಾಲ್ಕು ಜನಕ್ಕೆ ಕಾಲು ಕಾಲು ಭಾಗ. ಕವಲಿಗೊಂದಾದರೆ ಮಗನಿಗೆ ಅರ್ಧ, ಉಳಿದ ಅರ್ಧ ಮೂವರಿಗೆ, ಅಂದರೆ ಒಬ್ಬೊಬ್ಬರಿಗೆ ಆರನೇ ಒಂದು ಭಾಗ. ಐದು ಮೊಮ್ಮಕ್ಕಳು ಅಂತ ಓದಿದರೂ ಇದೇ ತಕರಾರು. ಒಂದೇ ಸಾಲು, ನಾಲ್ಕು ಲೆಕ್ಕ. ಯಾವುದು ಸರಿ ಅನ್ನೋದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವುದು ಬರೆದವರಿಗೆ ಮಾತ್ರ.

ತಿದ್ದುವ ಮೊದಲು ನಾನು ನನ್ನನ್ನೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ತಪ್ಪು ಪದ ಇನ್ನೊಂದೇ ಒಂದು ಪದ ಆಗಿರಲು ಸಾಧ್ಯವಾ? "ಆಸ್ಥಿ" ಅಂತ ಬರೆದಿದ್ದರೆ ಅದು "ಆಸ್ತಿ" ಬಿಟ್ಟು ಬೇರೇನೂ ಅಲ್ಲ, ತಿದ್ದಿ. ಆದರೆ "ಮಗನ", "ಮಗಳ" ಎರಡರ ನಡುವೆ ಇರುವುದು ಒಂದೇ ಅಕ್ಷರ, ಎರಡೂ ಸರಿಯಾದ ಪದ. ಅಲ್ಲಿ ಕೈ ಇಡಬೇಡಿ. ಎರಡನೇ ಪ್ರಶ್ನೆ: ನಾನು ತಿದ್ದಿದರೆ ಯಾರಿಗೋ ಸಿಗುವುದು, ಯಾರೋ ಕೊಡಬೇಕಾದ್ದು, ಒಂದು ತಾರೀಖು, ಒಂದು ಗಡಿ, ಇಂಥದ್ದೇನಾದರೂ ಕದಲುತ್ತದಾ? ಕದಲಬಹುದು ಅಂತ ಅನುಮಾನ ಬಂದರೂ ಸಾಕು, ತಿದ್ದಬೇಡಿ, ಕೇಳಿ.

ಭಾಷೆ ಚೆನ್ನಾಗಿ ಬರುವವರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಪತ್ರದಲ್ಲಿ "ಸದರಿ ಸ್ವತ್ತು", "ಸದರಿ ಸ್ವತ್ತು" ಅಂತ ಹತ್ತು ಸಲ ಬರುತ್ತದೆ. ಓದಲು ಬೇಜಾರು ಅಂತ ಒಂದು ಕಡೆ "ಆಸ್ತಿ", ಒಂದು ಕಡೆ "ಮನೆ", ಇನ್ನೊಂದು ಕಡೆ "ಜಾಗ" ಅಂತ ಬದಲಾಯಿಸುತ್ತಾರೆ. ನಾಳೆ ಎದುರು ಪಾರ್ಟಿಯ ವಕೀಲರು ಎದ್ದು, "ಮನೆ ಅಂತ ಬೇರೆ ಪದ ಹಾಕಿದ್ದಾರೆ, ಹಾಗಾದರೆ ಹಿತ್ತಲಿನ ಖಾಲಿ ಜಾಗ ಇದರಲ್ಲಿ ಸೇರಿಲ್ಲ" ಅನ್ನುತ್ತಾರೆ. ಇಂಥ ವಾದ ನಾನೇ ಎದುರಿಸಿದ್ದೇನೆ. ಕಾನೂನು ಪತ್ರದಲ್ಲಿ ಒಂದು ವಸ್ತುವಿಗೆ ಕೊನೆವರೆಗೂ ಒಂದೇ ಹೆಸರಿರಬೇಕು. ಬೇಜಾರಾದರೆ ಆಗಲಿ.

ನಿವೃತ್ತ ಕನ್ನಡ ಮೇಷ್ಟ್ರು

ವಕೀಲರು ಸುಮ್ನೆ ಹೆದರಿಸುತ್ತಿದ್ದಾರೆ ಅನಿಸುತ್ತದೆ. ಕನ್ನಡದಲ್ಲಿ "ರಾಮ ಮತ್ತು ಸೀತೆಗೆ" ಅಂದರೆ ವಿಭಕ್ತಿ ಕೊನೆಯ ಪದಕ್ಕೆ ಮಾತ್ರ ಸೇರಿದ್ದರೂ ಇಬ್ಬರಿಗೂ ಅನ್ವಯಿಸುತ್ತದೆ. ಹಾಗೆಯೇ "ಮಗ ಮತ್ತು ಮಗಳ" ಅಂದರೆ "ಮಗನ ಮತ್ತು ಮಗಳ" ಅಂತಲೇ ಅರ್ಥ. ಆಕೆ ವ್ಯಾಕರಣ ಸರಿಯಾಗಿಯೇ ತಿದ್ದಿದ್ದಾರೆ.

ಸಿವಿಲ್ ವಕೀಲರು

ಮೇಷ್ಟ್ರೇ, ನಿಯಮ ನೀವು ಹೇಳಿದ್ದೇ ಸರಿ. ತೊಂದರೆ ಹುಟ್ಟಿರುವುದೂ ಅದೇ ನಿಯಮದಿಂದ. "ಮಗಳ" ಪದದ "ಅ" ಪ್ರತ್ಯಯ ಮಗನಿಗೂ ಸೇರುತ್ತದೆ ಅಂದರೆ ನಿಮ್ಮ ಅರ್ಥ ಬರುತ್ತದೆ. "ಮಕ್ಕಳಿಗೆ" ಪದದ "ಗೆ" ಮಗನಿಗೂ ಸೇರುತ್ತದೆ ಅಂದರೆ "ಮಗನಿಗೆ, ಮಗಳ ಮಕ್ಕಳಿಗೆ" ಅಂತ ಆಗುತ್ತದೆ. ಎರಡೂ ವ್ಯಾಕರಣಬದ್ಧ. ಬಾಯಲ್ಲಿ ಹೇಳುವಾಗ ಎಲ್ಲಿ ಉಸಿರು ನಿಲ್ಲಿಸುತ್ತಾರೆ ಅನ್ನುವುದರಲ್ಲಿ ತಿಳಿಯುತ್ತದೆ. ಕಾಗದಕ್ಕೆ ಉಸಿರಿಲ್ಲ. ಸುಮ್ನೆ ಒಂದು ಅಲ್ಪವಿರಾಮ ಹಾಕಿದರೂ ಒಂದು ಅರ್ಥ ಆರಿಸಿದ ಹಾಗೇ ಆಗುತ್ತದೆ.

ನಿವೃತ್ತ ಕನ್ನಡ ಮೇಷ್ಟ್ರು

"ಗೆ" ಅಷ್ಟು ದೂರದ ಪದಕ್ಕೂ ಸೇರುತ್ತದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಆದರೂ ಸಹಜವಾದ ಓದು ನನ್ನದೇ ಅಂತ ನನ್ನ ಅಭಿಪ್ರಾಯ.

ಪತ್ರ ಬರಹಗಾರರು

ನಮ್ಮ ಕಡೆ ಆದದ್ದು ಹೇಳುತ್ತೇನೆ. ಕ್ರಯಪತ್ರದಲ್ಲಿ ವಿಸ್ತೀರ್ಣ "1-20" ಅಂತ ಇತ್ತು, ಅಂದರೆ 1 ಎಕರೆ 20 ಗುಂಟೆ. ಟೈಪ್ ಮಾಡಿದ ಹುಡುಗ ನೀಟಾಗಿ ಕಾಣಲಿ ಅಂತ "1.20 ಎಕರೆ" ಮಾಡಿದ. ಯಾರೂ ನೋಡಲಿಲ್ಲ, ರಿಜಿಸ್ಟರ್ ಆಗಿಹೋಯಿತು. ದಶಮಾಂಶದ ಲೆಕ್ಕದಲ್ಲಿ 1.20 ಎಕರೆ ಅಂದರೆ 1 ಎಕರೆ 8 ಗುಂಟೆ. 12 ಗುಂಟೆ ವ್ಯತ್ಯಾಸ! ಆಮೇಲೆ ತಿದ್ದುಪಡಿ ಪತ್ರ ಮಾಡಿಸಿದೆವು, ಸರಿಹೋಯಿತು. ಅದಕ್ಕೇ ಹೇಳುತ್ತೇನೆ, ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ತಪ್ಪಾದರೆ ತಿದ್ದುಪಡಿ ಪತ್ರ ಇದ್ದೇ ಇದೆ. ಇನ್ನೊಂದು ಮಾತು, ಹಣದಲ್ಲಿ ಅಂಕಿ ಒಂದು, ಅಕ್ಷರ ಒಂದು ಇದ್ದರೆ ಅಕ್ಷರದ್ದೇ ಗಟ್ಟಿ. ಅಂಕಿಯನ್ನು ಧೈರ್ಯವಾಗಿ ತಿದ್ದಬಹುದು.

ಸಿವಿಲ್ ವಕೀಲರು

1-20ರ ಉದಾಹರಣೆ ಎಲ್ಲ ಟೈಪಿಂಗ್ ಅಂಗಡಿಗಳಲ್ಲೂ ಅಂಟಿಸಿಡಬೇಕಾದ್ದು. 40 ಗುಂಟೆಗೆ ಒಂದು ಎಕರೆ, ಆ ಅಡ್ಡಗೆರೆ ದಶಮಾಂಶದ ಚುಕ್ಕಿ ಅಲ್ಲ. ಒಂದು ಗುಂಟೆಗೆ 1,089 ಚದರ ಅಡಿ ಅಂದರೆ ಆ ಹುಡುಗನ ಒಂದು ಚುಕ್ಕಿಗೆ 13,068 ಚದರ ಅಡಿ ಹೋಯಿತು.

ಆದರೆ ನಿಮ್ಮ ಕೇಸಲ್ಲಿ ಮಾರಿದವರು ಬಂದು ಸಹಿ ಹಾಕಿದರು, ಅದಕ್ಕೆ ಸಲೀಸಾಯಿತು. ತಿದ್ದುಪಡಿ ಪತ್ರಕ್ಕೆ ಎರಡೂ ಕಡೆಯವರು ಒಪ್ಪಬೇಕು. ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಪ್ರಕಾರ ದಾವೆ ಹಾಕಬೇಕು, ವಂಚನೆ ಅಥವಾ ಇಬ್ಬರದ್ದೂ ತಪ್ಪು ತಿಳಿವಳಿಕೆ ಅಂತ ಸಾಬೀತು ಮಾಡಬೇಕು. ವಿಲ್‌ನಲ್ಲಂತೂ ಬರೆದವರು ತೀರಿಕೊಂಡ ಮೇಲೆ ತಿದ್ದುಪಡಿ ಪತ್ರಕ್ಕೆ ಸಹಿ ಹಾಕುವವರು ಯಾರು?

ಅಕ್ಷರವೇ ಗಟ್ಟಿ ಅನ್ನುವ ನಿಯಮ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿದೆ, ಅದು ಚೆಕ್ಕು, ಪ್ರೋನೋಟುಗಳಿಗೆ. ಕ್ರಯಪತ್ರದಲ್ಲಿ "ರೂ. 8,50,000 (ಎಂಟು ಲಕ್ಷ ಐದು ಸಾವಿರ)" ಅಂತಿದ್ದರೆ ಯಾವುದು ನಿಜ ಅಂತ ಪಾರ್ಟಿಗಳನ್ನು ಕೇಳಬೇಕು. ಟೈಪಿಸ್ಟ್ ಆರಿಸಬಾರದು.

ಗುಂಪಿನ ಸದಸ್ಯರೊಬ್ಬರು

ಸರ್, ನಮ್ಮ ತಂದೆಯ ವಿಲ್‌ನಲ್ಲಿ ನನ್ನ ಹೆಸರಲ್ಲಿ ಒಂದಕ್ಷರ ತಪ್ಪಿದೆ. ತಂದೆ ಹೋದ ವರ್ಷ ತೀರಿಕೊಂಡರು. ನೀವು ಹೇಳಿದ ಹಾಗೆ ಇದು ಕಾಗುಣಿತ ತಾನೇ, ಪೆನ್ನಲ್ಲಿ ತಿದ್ದಬಹುದಾ?

ಸಿವಿಲ್ ವಕೀಲರು

ಬೇಡ, ಬೇಡ. ದಯವಿಟ್ಟು ಪೆನ್ನು ಮುಟ್ಟಿಸಬೇಡಿ. ನಾನು ಹೇಳಿದ್ದು ಸಹಿಗೆ ಮುಂಚಿನ ಕರಡಿನ ಬಗ್ಗೆ. ಸಹಿ ಆದ ವಿಲ್‌ನಲ್ಲಿ ಬದುಕಿರುವವರೇ ತಿದ್ದಿದರೂ, ಆ ಜಾಗದಲ್ಲಿ ಅವರು ಮತ್ತು ಸಾಕ್ಷಿಗಳು ಸಹಿ ಹಾಕದಿದ್ದರೆ ತಿದ್ದುಪಡಿಗೆ ಬೆಲೆ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 71ನೇ ಕಲಂ ಅದು. ನಿಮ್ಮ ವಿಷಯಕ್ಕೆ ಹೆದರಬೇಕಾಗಿಲ್ಲ. ಇಂಥವರಿಗೇ ಕೊಟ್ಟಿದ್ದು ಅಂತ ಉಳಿದ ಮಾತುಗಳಿಂದ ಗೊತ್ತಾಗುವುದಾದರೆ, ಹೆಸರಿನ ಒಂದಕ್ಷರದಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ನೀವು ತಿದ್ದಿದರೆ ಮಾತ್ರ ಇಡೀ ಕಾಗದದ ಮೇಲೆ ಅನುಮಾನ ಬರುತ್ತದೆ. ಮೂಲ ಪ್ರತಿ ತಗೊಂಡು ನಿಮ್ಮೂರಿನ ವಕೀಲರನ್ನು ನೋಡಿ.

ಡಿಟಿಪಿ ಅಂಗಡಿ ನಡೆಸುವವರು

ಸಾಲು ವಾಪಸ್ ಹಾಕಿದೆ ಸರ್. ಈಗ ಹೇಗೆ ಕೇಳಲಿ? ಕಂಪ್ಯೂಟರಲ್ಲೇ ಹಳದಿ ಬಣ್ಣ ಬಳಿದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಗನ ಕೈಗೆ ಕೊಡಲಾ?

ಸಿವಿಲ್ ವಕೀಲರು

ಎರಡೂ ಬೇಡ ಮೇಡಂ. ಪತ್ರದೊಳಗೆ ಚಿಹ್ನೆ ಹಾಕಿದರೆ ಅದು ಹಾಗೇ ಪ್ರಿಂಟ್ ಆಗಿ ಸಹಿಯೂ ಬಿದ್ದುಬಿಡುತ್ತದೆ. "ಸಮಭಾಗವಾಗಿ(?)" ಅಂತ ಅಚ್ಚಾದ ವಿಲ್ ನಾನು ಕಣ್ಣಾರೆ ನೋಡಿದ್ದೇನೆ. ಬೇರೆ ಹಾಳೆಯಲ್ಲಿ ಹೀಗೆ ಬರೆಯಿರಿ:

"ಪುಟ 2, ಮೇಲಿಂದ 3ನೇ ಸಾಲು. ತಾವು ಬರೆದಿರುವುದು: ‘ನನ್ನ ಮಗ ಮತ್ತು ಮಗಳ ಮಕ್ಕಳಿಗೆ ಸಮಭಾಗವಾಗಿ.’ ಇದು ಮಗನಿಗೂ ಮಗಳ ಮಕ್ಕಳಿಗೂ ಅಂತಲೋ, ಮಗನ ಮಕ್ಕಳಿಗೂ ಮಗಳ ಮಕ್ಕಳಿಗೂ ಅಂತಲೋ? ಸಮಭಾಗ ಅಂದರೆ ಎಷ್ಟು ಪಾಲು, ಯಾರಿಗೆ ಎಷ್ಟು? ನಾನು ಏನನ್ನೂ ಬದಲಾಯಿಸಿಲ್ಲ. ತಮ್ಮ ಕೈಬರಹದಲ್ಲೇ ಬರೆದುಕೊಡಿ."

ಅವರ ಮಾತನ್ನು ಅಕ್ಷರ ಬಿಡದೆ ಎತ್ತಿ ಬರೆಯಬೇಕು. "ಈ ಸಾಲು ಗೊಂದಲವಾಗಿದೆ" ಅಂತಷ್ಟೇ ಬರೆದರೆ ಅವರಿಗೆ ಏನು ಗೊಂದಲ ಅಂತ ತಿಳಿಯದೆ "ಸರಿಯಾಗಿದೆ ಬಿಡಮ್ಮ" ಅನ್ನುತ್ತಾರೆ. ಯಾವುದು ಸರಿ ಅಂತ ನಿಮ್ಮ ಅಭಿಪ್ರಾಯ ಸೇರಿಸಬೇಡಿ, ವಯಸ್ಸಾದವರು ಸುಮ್ನೆ ಅದಕ್ಕೇ ಹೂಂ ಅಂದುಬಿಡುತ್ತಾರೆ.

ಇನ್ನು ಮುಖ್ಯವಾದ ಮಾತು. ಈ ಹಾಳೆ ಆ ಹಿರಿಯರ ಕೈಗೇ ಹೋಗಬೇಕು, ಮಗನ ಕೈಗಲ್ಲ. ಉತ್ತರದಿಂದ ಲಾಭವೋ ನಷ್ಟವೋ ಆಗುವುದು ಆ ಮಗನಿಗೇ. ವಿಲ್‌ನಿಂದ ದೊಡ್ಡ ಲಾಭ ಪಡೆಯುವವನೇ ಅದನ್ನು ಮಾಡಿಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನಕ್ಕೆ ಕಾರಣ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1958ರಷ್ಟು ಹಿಂದೆ, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಕೇಸಿನಲ್ಲಿ. ಅದು ನಮ್ಮ ಮೈಸೂರು ಕಡೆಯಿಂದಲೇ ಹೋದ ಕೇಸು. ಮಗ ಒಳ್ಳೆಯವರೇ ಇರಬಹುದು. ಅವರ ಒಳ್ಳೆಯದಕ್ಕೂ ಇದೇ ಸರಿ.

ಪತ್ರ ಬರಹಗಾರರು

ಒಪ್ಪಿದೆ ಸಾರ್. ಆದರೆ ಆ ಹಾಳೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಇಟ್ಟುಕೊಳ್ಳಲೇಬೇಕು. ನಾಳೆ "ನೀನೇ ಬದಲಾಯಿಸಿದೆ" ಅಂತ ಬಂದರೆ ಆಕೆಗೆ ಆಧಾರ ಏನು?

ಸಿವಿಲ್ ವಕೀಲರು

ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಬದುಕಿರುವವರ ವಿಲ್‌ನ ವಿಷಯ ಅಂಗಡಿಯ ಡ್ರಾಯರಿನಲ್ಲಿ ಬಿದ್ದಿರುವುದು ನನಗೆ ಸರಿ ಕಾಣುವುದಿಲ್ಲ. ಹಾಳೆ ಕೊಟ್ಟ ತಾರೀಖು, ಪುಟ, ಸಾಲಿನ ನಂಬರ್ ಮಾತ್ರ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು ಅನ್ನುತ್ತೇನೆ.

ಪತ್ರ ಬರಹಗಾರರು

ನನಗೆ ಅಷ್ಟು ಸಾಲದು ಸಾರ್. ನಾನು ಜೆರಾಕ್ಸ್ ಇಟ್ಟೇ ಇಡುತ್ತೇನೆ.

ಡಿಟಿಪಿ ಅಂಗಡಿ ನಡೆಸುವವರು (ಮಾರನೇ ದಿನ)

ನಿನ್ನೆ ಮಗ ಬಂದಾಗ "ಇನ್ನೂ ಮುಗಿದಿಲ್ಲ, ಅಪ್ಪನನ್ನೇ ಕಳಿಸಿ" ಅಂದೆ. ಬೆಳಿಗ್ಗೆ ಆ ಹಿರಿಯರೇ ಬಂದರು. ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಮಗನಿಗೆ ಅರ್ಧ, ಮಗಳ ಮೂರು ಮಕ್ಕಳಿಗೆ ಸೇರಿ ಅರ್ಧ" ಅಂತ ಬರೆದರು. ನಾನು ತಿದ್ದಿದ್ದರಲ್ಲಿ ಮಗನಿಗೆ ಏನೂ ಇರಲಿಲ್ಲ, ನೆನೆಸಿಕೊಂಡರೆ ಕೈ ನಡುಗುತ್ತದೆ.

ಹೊರಡುವಾಗ ಅವರೇ ಬಾಗಿಲಲ್ಲಿ ನಿಂತು, "ಮಗಳಿಗೆ ಇನ್ನೊಂದು ಮಗು ಆದರೆ ಅದಕ್ಕೂ ಸೇರುತ್ತಾ ಇದರಲ್ಲಿ?" ಅಂತ ಕೇಳಿದರು. ನನಗೆ ಗೊತ್ತಿಲ್ಲ, ವಕೀಲರನ್ನು ಕೇಳಿ ಅಂದೆ. ಹಾಳೆಯ ಕೆಳಗೆ ಅದನ್ನೂ ಒಂದು ಪ್ರಶ್ನೆಯಾಗಿ ಬರೆಸಿಕೊಂಡು ಹೋದರು.