ಪುಣೆಯಲ್ಲಿ ಉಳಿದ ನೂರು ಪೆಟ್ಟಿಗೆ: ನನಗೆ ಬಂದದ್ದು ಲಾಭವೋ ನಷ್ಟವೋ?

ಪ್ರಶ್ನೆ (ಚನ್ನಪಟ್ಟಣದ ಆಟಿಕೆ ತಯಾರಕಿ):
ನಮ್ಮದು ಅರಗಿನ ಬಣ್ಣದ ಮರದ ಆಟಿಕೆಗಳ ಸಣ್ಣ ಘಟಕ. ಪುಣೆಯ ಒಬ್ಬ ಕಮಿಷನ್ ಏಜೆಂಟರಿಗೆ 400 ಪೆಟ್ಟಿಗೆ ಕಳಿಸಿದೆ. ಒಂದು ಪೆಟ್ಟಿಗೆ ತಯಾರಿಸಲು 250 ರೂಪಾಯಿ. ಪ್ಯಾಕಿಂಗ್, ಲಾರಿ ಬಾಡಿಗೆ, ವಿಮೆ ಸೇರಿ ನಾನು 8,000 ಕೊಟ್ಟೆ. ಅವರು 200 ಪೆಟ್ಟಿಗೆಗಳನ್ನು 400ರಂತೆ, ಹಬ್ಬದ ದಿನಗಳಲ್ಲಿ 100 ಪೆಟ್ಟಿಗೆಗಳನ್ನು 420ರಂತೆ ಮಾರಿದ್ದಾರೆ. ಒಟ್ಟು 1,22,000. ಅದರಲ್ಲಿ ಹಮಾಲಿ ಮತ್ತು ಅಂಗಡಿಗೆ ಸಾಗಿಸಿದ ಖರ್ಚು 2,000, ಗೋದಾಮು ಬಾಡಿಗೆ 1,800, ಜಾಹೀರಾತು 1,200, ಶೇ. 10 ಕಮಿಷನ್ 12,200 ಹಿಡಿದುಕೊಂಡು ಉಳಿದದ್ದನ್ನು ಕೊಟ್ಟಿದ್ದಾರೆ. ಮೊದಲೇ ಮುಂಗಡವೆಂದು ಬಂದಿದ್ದ 40,000 ಸೇರಿ ನನ್ನ ಕೈಗೆ ಬಂದದ್ದು 1,04,800. ನಾನು ಹಾಕಿದ್ದು 1,08,000. ಅಂದರೆ 3,200 ನಷ್ಟ. ನನ್ನ ತಮ್ಮ ಒಪ್ಪುವುದಿಲ್ಲ. ಉಳಿದ 100 ಪೆಟ್ಟಿಗೆಗೆ 400ರಂತೆ 40,000 ಸೇರಿಸಿ 36,800 ಲಾಭ ಎನ್ನುತ್ತಾನೆ. ಮಾರ್ಚ್ 31ರ ಲೆಕ್ಕ ಮುಗಿಸಬೇಕು. ಯಾರು ಸರಿ?

ಬಿ.ಕಾಂ. ವಿದ್ಯಾರ್ಥಿ:
ಅಕ್ಕ, ಇಬ್ಬರೂ ಸರಿಯಲ್ಲ. ಉಳಿದ ಸರಕನ್ನು ಬಿಡುವಂತಿಲ್ಲ, ಮಾರುವ ಬೆಲೆಗೆ ಹಿಡಿಯುವಂತೆಯೂ ಇಲ್ಲ. ಅಸಲು ಬೆಲೆಗೆ ಹಿಡಿಯಬೇಕು. 100 ಪೆಟ್ಟಿಗೆಗೆ 25,000. ಜೊತೆಗೆ ನೀವು ಮಾಡಿದ 8,000 ಖರ್ಚಿನ ಕಾಲು ಭಾಗ 2,000. ಒಟ್ಟು 27,000. ಏಜೆಂಟರು ಮಾಡಿದ ಖರ್ಚನ್ನು ದಾಸ್ತಾನಿಗೆ ಸೇರಿಸಬಾರದು ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಹಾಗೆ ನೋಡಿದರೆ ಲಾಭ 23,800.

ಶಿರಸಿ ಕಡೆಯ ಅಡಿಕೆ ಬೆಳೆಗಾರ:
ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಏಕೆ ತಂಗಿ? ನಾನು ಅಡಿಕೆಯನ್ನು ದಲಾಲರ ಅಂಗಡಿಯಲ್ಲಿ ಇಳಿಸಿ ಮುಂಗಡ ತಂದರೆ ಮುಗಿಯಿತು, ಬಂದ ಹಣವನ್ನು ಆ ದಿನದ ಮಾರಾಟ ಎಂದೇ ಪುಸ್ತಕದಲ್ಲಿ ಬರೆಯುತ್ತೇನೆ. ಮಾಲು ಅವರ ಮನೆ ಸೇರಿದ ಮೇಲೆ ಅದು ಅವರದ್ದು. ನೀವೂ 400 ಪೆಟ್ಟಿಗೆಗೆ ಬಿಲ್ ಹಾಕಿ ಕೈತೊಳೆದುಕೊಳ್ಳಿ.

ಲೆಕ್ಕಪರಿಶೋಧಕರು, ಮೈಸೂರು:
ಮೊದಲು ಬೆಳೆಗಾರರಿಗೆ ಒಂದು ಮಾತು. ನಿಮ್ಮ ಅಡಿಕೆ ದಲಾಲರ ಅಂಗಡಿಯಲ್ಲಿದ್ದರೂ ಮಾರಾಟವಾಗುವವರೆಗೆ ಅದು ನಿಮ್ಮದೇ. ನಡುವೆ ದರ ಬಿದ್ದರೆ ನಷ್ಟ ಯಾರಿಗೆ? ನಿಮಗೇ. ಮುಂಗಡ ಎಂದರೆ ಆ ಮಾಲನ್ನು ನಂಬಿ ಕೊಟ್ಟ ಹಣ, ನೀವು ತೀರಿಸಬೇಕಾದ ಬಾಕಿ. ಮೇಡಂ ಅವರ 40,000 ಕೂಡ ಹಾಗೆಯೇ. ಅದು ಏಜೆಂಟರ ಖಾತೆಯಲ್ಲಿ ಬಂದು ಅಲ್ಲಿಯೇ ತೀರಿಹೋಗುತ್ತದೆ, ಲಾಭದ ಲೆಕ್ಕವನ್ನು ಮುಟ್ಟುವುದಿಲ್ಲ. 40,000ದ ಬದಲು 10,000 ಕೊಟ್ಟಿದ್ದರೂ ಲಾಭ ಅಷ್ಟೇ ಇರುತ್ತಿತ್ತು.

ವಿದ್ಯಾರ್ಥಿ ಹೇಳಿದ್ದು ಮುಕ್ಕಾಲು ಸರಿ. ಎಡವಿದ್ದು ಒಂದೇ ಕಡೆ. ಖರ್ಚನ್ನು ಯಾರು ಕೊಟ್ಟರು ಎಂಬುದು ಮುಖ್ಯವಲ್ಲ, ಸರಕು ಮಾರುವ ಜಾಗ ಮುಟ್ಟುವ ಮೊದಲು ಆಯಿತೇ, ಆಮೇಲೆ ಆಯಿತೇ ಎಂಬುದು ಮುಖ್ಯ. ಚನ್ನಪಟ್ಟಣದಲ್ಲಿರುವ ಪೆಟ್ಟಿಗೆ ಪುಣೆಯ ಗಿರಾಕಿಯ ಪಾಲಿಗೆ ಇಲ್ಲದ ಪೆಟ್ಟಿಗೆ. ಅದನ್ನು ಅಲ್ಲಿಯ ಅಂಗಡಿಯ ಕಪಾಟಿನವರೆಗೆ ತಲುಪಿಸಲು ಬಿದ್ದ ಪ್ರತಿ ರೂಪಾಯಿಯೂ ಅಸಲಿಗೆ ಸೇರುತ್ತದೆ. ಲಾರಿ ಬಾಡಿಗೆ ನೀವು ಕೊಟ್ಟಿರಿ, ಹಮಾಲಿ ಅವರು ಕೊಟ್ಟರು, ಎರಡೂ ಒಂದೇ ಸಾಲಿನವು. ಕಪಾಟು ಸೇರಿದ ಮೇಲಿನ ಗೋದಾಮು ಬಾಡಿಗೆಯಾಗಲಿ ಜಾಹೀರಾತಾಗಲಿ ಪೆಟ್ಟಿಗೆಯ ಅಸಲನ್ನು ಹೆಚ್ಚಿಸುವುದಿಲ್ಲ. ಅವು ಈ ವರ್ಷದ ಖರ್ಚು, ಪೂರ್ತಿ ಈ ವರ್ಷವೇ ಕಳೆಯಬೇಕು. ಕಮಿಷನ್ನಂತೂ ಮಾರಿದ 300 ಪೆಟ್ಟಿಗೆಯ ಮೇಲೆ ಮಾತ್ರ ಬಿದ್ದದ್ದು. ಮಾರದ ನೂರಕ್ಕೆ ಅದರ ಪಾಲು ಹಂಚುವ ಪ್ರಶ್ನೆಯೇ ಇಲ್ಲ.

ಹಾಗಾಗಿ ಹಂಚಬೇಕಾದದ್ದು 8,000 ಮತ್ತು 2,000 ಸೇರಿ 10,000. 400 ಪೆಟ್ಟಿಗೆಗೆ ಹಂಚಿದರೆ ತಲಾ 25. ಪುಣೆಯ ಅಂಗಡಿಯಲ್ಲಿ ಒಂದು ಪೆಟ್ಟಿಗೆಯ ಅಸಲು 275, ಉಳಿದ ನೂರರ ಬೆಲೆ 27,500.

ಈಗ ರವಾನೆ ಖಾತೆ. ಬಲಬದಿಯಲ್ಲಿ ಮಾರಾಟ 1,22,000 ಮತ್ತು ದಾಸ್ತಾನು 27,500, ಒಟ್ಟು 1,49,500. ಎಡಬದಿಯಲ್ಲಿ ಸರಕು 1,00,000, ನಿಮ್ಮ ಖರ್ಚು 8,000, ಅವರ ಮೂರು ಖರ್ಚು 5,000, ಕಮಿಷನ್ 12,200, ಒಟ್ಟು 1,25,200. ಲಾಭ 24,300.

ನಂಬಿಕೆ ಬರದಿದ್ದರೆ ದಾಸ್ತಾನನ್ನೇ ಮರೆತು ಇನ್ನೊಂದು ದಾರಿಯಲ್ಲಿ ನೋಡಿ. ಮಾರಿದ 300 ಪೆಟ್ಟಿಗೆಯ ಅಸಲು 275ರಂತೆ 82,500. ಅದನ್ನು 1,22,000ದಿಂದ ಕಳೆದರೆ 39,500. ಬಾಡಿಗೆ, ಜಾಹೀರಾತು 3,000 ಮತ್ತು ಕಮಿಷನ್ 12,200 ತೆಗೆದರೆ ಅದೇ 24,300. ಎರಡು ದಾರಿಗಳಲ್ಲಿ ಉತ್ತರ ಬೇರೆ ಬೇರೆ ಬಂದರೆ ಯಾವುದೋ ಖರ್ಚನ್ನು ತಪ್ಪು ಕಡೆ ಹಾಕಿದ್ದೀರಿ ಎಂದರ್ಥ.

ಆಟಿಕೆ ತಯಾರಕಿ:
ಅಂದರೆ ತಮ್ಮನೂ ತಪ್ಪು. ಆದರೆ ಸರ್, ಆ ನೂರು ಪೆಟ್ಟಿಗೆ 400ಕ್ಕೇ ಹೋಗುತ್ತವೆ ಎಂದು ಏಜೆಂಟರು ಖಚಿತವಾಗಿ ಹೇಳಿದ್ದಾರೆ. ಬರುವುದು ಖಂಡಿತ ಎಂದಾದರೆ ಈಗಲೇ ಬರೆದರೆ ಏನು ಕೆಡುತ್ತದೆ?

ಲೆಕ್ಕಪರಿಶೋಧಕರು, ಮೈಸೂರು:
ಮುಂದಿನ ವರ್ಷ ಅವು 400ಕ್ಕೇ ಮಾರಿದವು, ಕಮಿಷನ್ ಬಿಟ್ಟು ಬೇರೆ ಖರ್ಚೇ ಬೀಳಲಿಲ್ಲ ಎಂದುಕೊಳ್ಳೋಣ. ಕೈಗೆ ಬರುವುದು 36,000. ನನ್ನ ಲೆಕ್ಕದಲ್ಲಿ ಆ ವರ್ಷದ ಲಾಭ 8,500. ನಿಮ್ಮ ತಮ್ಮನವರ ಲೆಕ್ಕದಲ್ಲಿ ಆ ಪೆಟ್ಟಿಗೆಗಳು 40,000ದ ಬೆಲೆಯಲ್ಲಿ ಮುಂದಿನ ವರ್ಷಕ್ಕೆ ಹೋಗಿರುತ್ತವೆ. ಆದ್ದರಿಂದ ಎಲ್ಲವೂ ಅಂದುಕೊಂಡಂತೆ ಮಾರಾಟವಾದರೂ ಪುಸ್ತಕ 4,000 ನಷ್ಟ ತೋರಿಸುತ್ತದೆ! ನಿಮ್ಮ ಲೆಕ್ಕದಲ್ಲಿ ಈ ವರ್ಷ 3,200 ನಷ್ಟ, ಮುಂದಿನ ವರ್ಷ 36,000 ಲಾಭ.

ಎರಡೂ ವರ್ಷ ಕೂಡಿಸಿ ನೋಡಿ. ಮೂವರದ್ದೂ 32,800. ಒಟ್ಟು ಲಾಭವನ್ನು ಯಾರೂ ಹೆಚ್ಚಿಸಿಲ್ಲ, ಕಡಿಮೆ ಮಾಡಿಲ್ಲ. ಯಾವ ವರ್ಷದ ತಟ್ಟೆಗೆ ಎಷ್ಟು ಬಡಿಸಬೇಕು ಎಂಬುದಷ್ಟೇ ಜಗಳ. ನಿಮ್ಮ ತಮ್ಮನವರು, ಮಾರದ ಪೆಟ್ಟಿಗೆಯ ಲಾಭವನ್ನು ಈಗಲೇ ಬಡಿಸಿಕೊಂಡು ಅದರ ಮೇಲೆ ತೆರಿಗೆಯನ್ನೂ ಕಟ್ಟುತ್ತಾರೆ. ನೀವು ಮಾರದ ಪೆಟ್ಟಿಗೆಯ ಅಸಲನ್ನು ಮಾರಿದ ಪೆಟ್ಟಿಗೆಗಳ ತಲೆಗೆ ಕಟ್ಟಿದ್ದೀರಿ.

ಇನ್ನೊಂದು ವಿಷಯ. ಪುಣೆಯವರು ತಮ್ಮ ಹೆಸರಿನಲ್ಲಿಯೇ ಗಿರಾಕಿಗೆ ಬಿಲ್ ಕೊಡುತ್ತಿದ್ದರೆ ಜಿಎಸ್‌ಟಿ ಕಾನೂನಿನ ಮೊದಲ ಅನುಸೂಚಿಯ ಪ್ರಕಾರ ನೀವು ಅವರಿಗೆ ಕಳಿಸಿದ್ದೇ ಪೂರೈಕೆ ಎನಿಸಿಕೊಳ್ಳುತ್ತದೆ. ಆಗ ಬೆಳೆಗಾರರು ಹೇಳಿದಂತೆ 400ಕ್ಕೂ ಬಿಲ್ ಹಾಕಲೇಬೇಕಾಗುತ್ತದೆ. ಆದರೆ ಆ ಬಿಲ್ಲನ್ನು ನೋಡಿ ಲಾಭದ ಲೆಕ್ಕದಲ್ಲಿಯೂ ಮಾರಾಟ ಎಂದು ಬರೆಯಬೇಡಿ. ಮೇಲಿನ ಅಂಕಿಗಳನ್ನೆಲ್ಲ ನಾನು ತೆರಿಗೆ ಬಿಟ್ಟು ಹಿಡಿದಿದ್ದೇನೆ.

ಆಟಿಕೆ ತಯಾರಕಿ:
ಬಿಲ್ ಅವರ ಹೆಸರಿನಲ್ಲಿಯೇ ಇದೆ. ಇನ್ನೊಂದನ್ನು ಹೇಳಲು ಮರೆತಿದ್ದೆ. ಉಳಿದ ನೂರರಲ್ಲಿ 10 ಪೆಟ್ಟಿಗೆಗಳನ್ನು ಪ್ರದರ್ಶನಕ್ಕೆ ತೆರೆದಿಟ್ಟಿದ್ದರಂತೆ. ಅರಗು ಗೀರಿಹೋಗಿದೆ, 200ಕ್ಕಿಂತ ಹೆಚ್ಚು ಬರುವುದಿಲ್ಲ ಎನ್ನುತ್ತಾರೆ. ಮತ್ತೆ ಆ 2,000 ಹಮಾಲಿ ಖರ್ಚಿನಲ್ಲಿ 800 ರೂಪಾಯಿ ಲಾರಿ ಒಂದು ದಿನ ಕಾದದ್ದಕ್ಕೆ ಕೊಟ್ಟದ್ದು. ಅಂಗಡಿ ಮುಚ್ಚಿತ್ತಂತೆ.

ಲೆಕ್ಕಪರಿಶೋಧಕರು, ಮೈಸೂರು:
ಇದನ್ನು ಮೊದಲೇ ಹೇಳಬೇಕಿತ್ತು ಮೇಡಂ! ಅಸಲು ಮತ್ತು ಮಾರಿದರೆ ಕೈಗೆ ಉಳಿಯುವ ಮೊತ್ತ, ಇವೆರಡರಲ್ಲಿ ಕಡಿಮೆ ಇರುವುದಕ್ಕೆ ದಾಸ್ತಾನನ್ನು ಹಿಡಿಯಬೇಕು. ಗೀರಾದ ಪೆಟ್ಟಿಗೆ 200ಕ್ಕೆ ಹೋದರೂ 20 ಕಮಿಷನ್ ಹೋಗುತ್ತದೆ, ಉಳಿಯುವುದು 180. ಅಸಲು 275 ಇರುವುದರಿಂದ ಪೆಟ್ಟಿಗೆಗೆ 95ರಂತೆ 950 ಇಳಿಯುತ್ತದೆ. ದಾಸ್ತಾನು 26,550, ಲಾಭ 23,350. ಚೆನ್ನಾಗಿರುವ ತೊಂಬತ್ತರ ಮುಂದಿನ ಲಾಭವನ್ನು ತೋರಿಸಿ ಈ ಹತ್ತರ ನಷ್ಟವನ್ನು ಮುಚ್ಚುವಂತಿಲ್ಲ.

800ರ ವಿಷಯಕ್ಕೆ ಬಂದರೆ, ನಾನಾಗಿದ್ದರೆ ಅದನ್ನು ದಾಸ್ತಾನಿನಿಂದ ಹೊರಗಿಡುತ್ತಿದ್ದೆ. ಸರಕು ತಲುಪಲು ಬೇಕಿದ್ದ ಖರ್ಚಲ್ಲ ಅದು, ಯಾರದ್ದೋ ಅಜಾಗರೂಕತೆಯ ದಂಡ. ಹೊರಗಿಟ್ಟರೆ ಅಸಲು 275ರ ಬದಲು 273, ದಾಸ್ತಾನು 26,370, ಲಾಭ 23,170.

ಕಾರ್ಖಾನೆಯೊಂದರ ಅಕೌಂಟೆಂಟ್, ಹುಬ್ಬಳ್ಳಿ:
ಇಲ್ಲಿ ನನಗೆ ಒಪ್ಪಿಗೆಯಿಲ್ಲ ಸರ್. ನಾವು ವಾರಕ್ಕೆ ಐದಾರು ಲಾರಿ ಕಳಿಸುತ್ತೇವೆ, ಅದರಲ್ಲಿ ಒಂದಾದರೂ ಎಲ್ಲೋ ಕಾಯುತ್ತದೆ. ಆಗಾಗ ಆಗುವುದನ್ನು ಅಸಹಜ ಎನ್ನುವುದು ಹೇಗೆ? ಅದು ಸಾಗಣೆಯ ಭಾಗವೇ. ನಾನು 275 ಎಂದೇ ಬಿಡುತ್ತೇನೆ.

ಲೆಕ್ಕಪರಿಶೋಧಕರು, ಮೈಸೂರು:
ನಿಮ್ಮಲ್ಲಿ ಅದು ವಾಡಿಕೆ ಇರಬಹುದು. ಇವರದ್ದು ವರ್ಷಕ್ಕೊಂದು ರವಾನೆ, ಅಂಗಡಿ ಮುಚ್ಚಿದ್ದರಿಂದ ಲಾರಿ ಕಾದದ್ದು. 180 ರೂಪಾಯಿಯ ವ್ಯತ್ಯಾಸಕ್ಕೆ ಇಬ್ಬರೂ ಗಂಟೆಗಟ್ಟಲೆ ವಾದಿಸಬಹುದು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಬಿ.ಕಾಂ. ವಿದ್ಯಾರ್ಥಿ:
ಸರ್, ಹಾಗಾದರೆ ಪರೀಕ್ಷೆಯಲ್ಲಿ ಏಜೆಂಟರ ಖರ್ಚು ಎಂದಷ್ಟೇ ಕೊಟ್ಟು, ಯಾವ ಖರ್ಚು ಎಂದು ಹೇಳದೇ ಇದ್ದರೆ?

ಲೆಕ್ಕಪರಿಶೋಧಕರು, ಮೈಸೂರು:
ಆಗ ಅದು ಸರಕು ತಲುಪಿದ ಮೇಲಿನದ್ದು ಎಂದು ಊಹಿಸಿ ಬಿಟ್ಟುಬಿಡು, ಆದರೆ ಆ ಊಹೆಯನ್ನು ಉತ್ತರದ ಕೆಳಗೆ ಒಂದು ಸಾಲಿನಲ್ಲಿ ಬರೆ. ನಿಮ್ಮ ಅಧ್ಯಾಪಕರು ಹೇಳಿಕೊಟ್ಟದ್ದೂ ಬಹುಶಃ ಇದನ್ನೇ. ಮೇಡಂ, ನಿಮಗೆ ಊಹೆ ಬೇಡ. ಮಾರ್ಚ್ 31ರಂದು ಎಣಿಸಿದ ಪೆಟ್ಟಿಗೆಗಳ ಪಟ್ಟಿಯನ್ನು, ಗೀರಾದವುಗಳನ್ನು ಬೇರೆ ತೋರಿಸಿ, ಸಹಿ ಹಾಕಿ ಕಳಿಸಲು ಅವರಿಗೆ ಹೇಳಿ. ಮಾರಿದ್ದು, ಉಳಿದದ್ದು ಕೂಡಿದರೆ 400 ಆಗಬೇಕು. ಆಗದಿದ್ದರೆ ಈ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ.

ಆಟಿಕೆ ತಯಾರಕಿ:
ಈಗಷ್ಟೇ ಫೋನ್ ಮಾಡಿದೆ. ಎಣಿಸಿ ಹೇಳುತ್ತೇನೆ ಎಂದರು. ಅಂಗಡಿ ಮುಚ್ಚಿದ್ದು ಅವರ ತಪ್ಪು, ಪ್ರದರ್ಶನಕ್ಕೆ ಇಟ್ಟು ಗೀರಿಸಿದ್ದೂ ಅವರೇ. ಹಾಗಿದ್ದ ಮೇಲೆ ಆ 800 ಮತ್ತು 950 ನನ್ನ ಖಾತೆಗೇ ಏಕೆ ಬರಬೇಕು ಎಂದು ಕೇಳಿದೆ. ಒಪ್ಪಂದದ ಕಾಗದದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಯೋಚಿಸುತ್ತೇನೆ ಎಂದು ಫೋನ್ ಇಟ್ಟರು.