ಗಿಗಾಬಿಟ್ ಬದಲು 100 ಮೆಗಾಬಿಟ್: ಕೇಬಲ್ ದೋಷ ಹುಡುಕಿದ ಅನುಭವಗಳು

ಪ್ರಶ್ನೆ: ನನ್ನ ಲಿನಕ್ಸ್ ಕಂಪ್ಯೂಟರ್ ಮತ್ತು ಸ್ವಿಚ್ ಎರಡೂ ಗಿಗಾಬಿಟ್‌ನವು, ಆದರೂ ಸಂಪರ್ಕ 100 ಮೆಗಾಬಿಟ್‌ನಲ್ಲೇ ನಿಲ್ಲುತ್ತದೆ. ಗೋಡೆಯೊಳಗೆ ಸುಮಾರು 20 ಮೀಟರ್ ಕೇಬಲ್ ಹಾದುಹೋಗಿದೆ. ಎಲ್ಲವನ್ನೂ ಕೀಳದೆ ದೋಷದ ಜಾಗವನ್ನು ಪತ್ತೆ ಮಾಡುವುದು ಹೇಗೆ?

ಉತ್ತರ 1: ನನಗೂ ಹೀಗೇ ಆಗಿತ್ತು. ಹಳೆಯ ಕೇಬಲ್ ತೆಗೆದು ಕ್ಯಾಟ್ 6 ಹಾಕಿಸಿದ ಮೇಲೆ ಸರಿಯಾಯಿತು, ಆದ್ದರಿಂದ ತೊಂದರೆ ಕೇಬಲ್‌ನ ದರ್ಜೆಯದೇ ಎಂದು ನನ್ನ ಅಭಿಪ್ರಾಯ.

ಉತ್ತರ 2: ಕೇಬಲ್ ಬದಲಿಸಿದ್ದರಿಂದ ನಿಮ್ಮಲ್ಲಿ ಸರಿಯಾಗಿದ್ದು ನಿಜವೇ ಆದರೂ ಕಾರಣ ದರ್ಜೆಯಾಗಿರಲಿಕ್ಕಿಲ್ಲ, ಏಕೆಂದರೆ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. 100 ಮೆಗಾಬಿಟ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಒಂದು ತಂತಿ ಕಡಿದರೂ ಹಲವು ಪೋರ್ಟ್‌ಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ.

ಮೊದಲು ಎರಡೂ ತುದಿಯ ಪ್ಯಾಚ್ ಕೇಬಲ್‌ಗಳನ್ನು ಬದಲಿಸಿ ನೋಡಿ. ಹೆಚ್ಚಿನ ಸಲ ದೋಷ ಅಲ್ಲೇ ಇರುತ್ತದೆ. ಆಮೇಲೂ ಹಾಗೇ ಇದ್ದರೆ ಸ್ವಿಚ್ ಕಡೆಯ ತುದಿಯನ್ನು ಕಳಚಿ, ಕಂಪ್ಯೂಟರ್‌ನಲ್ಲಿ ಇದನ್ನು ಓಡಿಸಿ:

```
sudo ethtool --cable-test eth0
```

ಆಚೆಯ ತುದಿ ತೆರೆದಿರುವುದರಿಂದ ನಾಲ್ಕೂ ಜೋಡಿಗಳು `Open Circuit` ಎಂದೇ ತೋರಿಸುತ್ತವೆ, ಅದರಿಂದ ಗಾಬರಿಯಾಗಬೇಡಿ, ನೋಡಬೇಕಾದದ್ದು ದೂರವನ್ನು. ನನ್ನಲ್ಲಿ ಮೂರು ಜೋಡಿಗಳು 21 ಮೀಟರ್ ಆಸುಪಾಸು ತೋರಿಸಿ, ನಾಲ್ಕನೆಯದು 2 ಮೀಟರ್ ಎಂದಿತು. ನನ್ನ ಪ್ಯಾಚ್ ಕೇಬಲ್‌ನ ಉದ್ದವೂ ಅಷ್ಟೇ ಇದ್ದುದರಿಂದ ಗೋಡೆಯ ಸಾಕೆಟ್ ಬಿಚ್ಚಿದೆ. ಕಂದು ತಂತಿಯೊಂದು ಸೀಳಿನೊಳಗೆ ಪೂರ್ತಿ ಕೂತಿರಲಿಲ್ಲ. ಅದನ್ನು ಒತ್ತಿ ಕೂರಿಸಿದ ಕೂಡಲೇ ಗಿಗಾಬಿಟ್ ಬಂತು. ಈ ಅಳತೆಯಲ್ಲಿ ಒಂದೆರಡು ಮೀಟರ್ ಹೆಚ್ಚು ಕಡಿಮೆ ಆಗಬಹುದು, ಮತ್ತು ಎಲ್ಲ ನೆಟ್‌ವರ್ಕ್ ಕಾರ್ಡ್‌ಗಳೂ ಈ ಪರೀಕ್ಷೆ ಮಾಡಿಕೊಡುವುದಿಲ್ಲ.

ಉತ್ತರ 3: ನನ್ನ ಡೌನ್‌ಲೋಡ್ ಕೂಡ 90ರ ಮೇಲೆ ಹೋಗುವುದಿಲ್ಲ. ಸೇವೆ ಕೊಡುವವರಿಗೇ ದೂರು ಕೊಡುವುದು ಒಳ್ಳೆಯದಲ್ಲವೇ?

ಉತ್ತರ 2: ಅದಕ್ಕೂ ಮೊದಲು `ethtool eth0` ಓಡಿಸಿ. `Speed: 100Mb/s` ಎಂದಿದ್ದರೆ ತಡೆ ಇರುವುದು ನಿಮ್ಮ ಕಡೆಯ ಕೇಬಲ್‌ನಲ್ಲೋ ಪೋರ್ಟ್‌ನಲ್ಲೋ. `1000Mb/s` ಎಂದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಪ್ರಶ್ನೆ ಕೇಳಿದವರು: ಪ್ಯಾಚ್ ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಪರೀಕ್ಷೆಯಲ್ಲಿ ಮೂರು ಜೋಡಿಗಳು 22 ಮೀಟರ್, `Pair C` ಮಾತ್ರ 13 ಮೀಟರ್ ತೋರಿಸಿತು. ಲ್ಯಾಪ್‌ಟಾಪ್ ಒಯ್ದು ಇನ್ನೊಂದು ತುದಿಯಿಂದ ಅಳೆದಾಗ ಅದೇ ಜೋಡಿಗೆ 9 ಮೀಟರ್ ಬಂತು. ಎರಡೂ ಸೇರಿ 22 ಆಗುವುದರಿಂದ ಜಾಗ ಖಚಿತವಾದಂತಿದೆ, ಮತ್ತು ಸರಿಯಾಗಿ ಅಲ್ಲೇ ಗೋಡೆಗೆ ಕಪಾಟನ್ನು ತಿರುಪು ಹಾಕಿ ಬಿಗಿದಿದ್ದೇವೆ. ಅಲ್ಲಿ ತೆರೆದು ಕೇಬಲ್‌ಗೆ ಜೋಡಣೆ ಹಾಕಿದರೆ ಗಿಗಾಬಿಟ್ ಬಾಳಿಕೆ ಬರುತ್ತದೆಯೇ?

ಉತ್ತರ 1: ನಾನಾಗಿದ್ದರೆ ಹೊಸ ಕೇಬಲ್ಲನ್ನೇ ಎಳೆಯುತ್ತಿದ್ದೆ.

ಉತ್ತರ 2: ತಂತಿಗಳನ್ನು ಕೈಯಿಂದ ಹೊಸೆದು ಟೇಪ್ ಸುತ್ತಬೇಡಿ. ಕ್ಯಾಟ್ 5ಇ ದರ್ಜೆಯ ಜೋಡಣೆ ಪೆಟ್ಟಿಗೆಯಲ್ಲಿ, ಜೋಡಿಗಳ ಹೊಸೆತವನ್ನು ಆದಷ್ಟು ಕಡಿಮೆ ಬಿಚ್ಚಿ ಕೂರಿಸಿದರೆ ನಡೆಯುತ್ತದೆ. ಆದರೆ ಆ ತಿರುಪು ಬೇರೆ ಜೋಡಿಯ ಹೊದಿಕೆಯನ್ನೂ ಸವರಿದೆಯೇ ಎಂಬುದು ತೆರೆದು ನೋಡಿದ ಮೇಲೆಯೇ ತಿಳಿಯುತ್ತದೆ.